ಹೇಳಿಕೆಗೂ ಎಕ್ಸ್‌ರೇಗೂ ತಾಳೆಯಾಗದಿದ್ದಾಗ

1946ರಲ್ಲಿ ಅಮೆರಿಕದ ಜಾನ್ ಕ್ಯಾಫಿ ಆರು ಕೂಸುಗಳ ವರದಿ ಪ್ರಕಟಿಸಿದರು. ಆರಕ್ಕೂ ಮಿದುಳಿನ ಹೊದಿಕೆಯಡಿ ರಕ್ತ ಕಟ್ಟಿತ್ತು. ಕೈಕಾಲಿನ ಉದ್ದ ಮೂಳೆಗಳಲ್ಲಿ ಒಟ್ಟು 23 ಮುರಿತಗಳಿದ್ದವು. ಅವುಗಳಿಗೆ ಕಾರಣವಾಗುವಂಥ ಪೆಟ್ಟನ್ನು ಮನೆಯವರು ಯಾರೂ ಹೇಳಿರಲಿಲ್ಲ. ಇಂಥವುಗಳ ಹಿಂದೆ ಪೋಷಕರ ಹೊಡೆತವೇ ಇರಬಹುದೆಂದು ಹೆನ್ರಿ ಕೆಂಪ್ ಮತ್ತು ಸಂಗಡಿಗರು ಬಿಡಿಸಿ ಹೇಳಿದ್ದು 1962ರಲ್ಲಿ.

ಮುಂದಿನ ಪ್ರಶ್ನೆ, ಯಾವ ಮುರಿತವನ್ನು ಹೆಚ್ಚು ಶಂಕಿಸಬೇಕು ಎಂಬುದು. 1986ರಲ್ಲಿ ಪಾಲ್ ಕ್ಲೈನ್‌ಮನ್ ಕೂಸಿನ ಮೂಳೆಯ ಬೆಳೆಯುವ ತುದಿಯ ಸಣ್ಣ ಮುರಿತವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅದು ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಎಳೆಯ ಮೂಳೆಯ ಪದರದಲ್ಲೇ ಸಾಗುತ್ತದೆಂದು ತೋರಿಸಿದರು. ಕೈಕಾಲು ಜಗ್ಗಿದಾಗ, ತಿರುಚಿದಾಗ ಅದು ಮುರಿಯುತ್ತದೆ. ಎದೆಗೂಡನ್ನು ಎರಡೂ ಕೈಯಲ್ಲಿ ಬಲವಾಗಿ ಹಿಂಡಿದರೆ ಪಕ್ಕೆಲುಬು ಬೆನ್ನುಮೂಳೆಗೆ ಸೇರುವ ಹಿಂಬದಿಯಲ್ಲಿ ಮುರಿಯುತ್ತದೆ. ಇವೆರಡೂ ಸಾಮಾನ್ಯ ಬೀಳುವಿಕೆಯಿಂದ ಆಗುವುದು ಅಪರೂಪ. ಆದರೆ ನಡೆಯಲು ಕಲಿತ ಮಗುವಿನ ಮೊಣಕಾಲಿನ ಕೆಳಗಿನ ಮೂಳೆಯ ಸುರುಳಿ ಮುರಿತ, ಎಡವಿ ಬಿದ್ದರೂ ಆಗುತ್ತದೆ.

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಿಂದ ನಾಲ್ಕು ತಿಂಗಳ ಕೂಸೊಂದನ್ನು ತೊಡೆ ಊದಿಕೊಂಡಿದೆ ಎಂದು ಕರೆತಂದರು ಎಂದಿಟ್ಟುಕೊಳ್ಳಿ. ‘ಮಂಚದಿಂದ ಉರುಳಿತು, ಮೂರು ದಿನವಾಯ್ತು’ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ತೊಡೆಮೂಳೆ ಮುರಿದಿದೆ. ಕೂಸಿಗೆ ಮಗುಚಲು ಬರುತ್ತದೆಯೇ? ಮಂಚ ಎಷ್ಟೆತ್ತರ? ಮೂರು ದಿನ ಏಕೆ ತಡವಾಯಿತು? ಇಷ್ಟು ಕೇಳಿದ ಮೇಲೆ ಮೂಳೆತಜ್ಞರು ಪಟ್ಟಿ ಹಾಕಿ ಕಳಿಸುವಂತಿಲ್ಲ.

ಎರಡು ವರ್ಷದೊಳಗಿನ ಮಗುವಿನ ಬಗ್ಗೆ ಶಂಕೆ ಬಂದರೆ ಇಡೀ ಅಸ್ಥಿಪಂಜರದ ಎಕ್ಸ್‌ರೇ ಸರಣಿ ಬೇಕು. ಇಡೀ ಮೈಯನ್ನು ಒಂದೇ ಫಿಲ್ಮ್‌ನಲ್ಲಿ ತೆಗೆದರೆ ಸಾಲದು. ತಲೆ, ಬೆನ್ನು, ಸೊಂಟ, ಕೈಕಾಲುಗಳ ಬೇರೆಬೇರೆ ಚಿತ್ರಗಳು ಬೇಕು. ಪಕ್ಕೆಲುಬುಗಳಿಗೆ ಓರೆ ಕೋನದ ಚಿತ್ರಗಳೂ ಬೇಕು. ಹೊಸ ಪಕ್ಕೆಲುಬು ಮುರಿತ ಕಾಣದೇ ಹೋಗಬಹುದು. ಕೂಡಿಕೊಳ್ಳುವಾಗ ಸುತ್ತ ಹೊಸ ಮೂಳೆ ಕಟ್ಟಿದರೆ ಕಾಣುತ್ತದೆ. ಆದ್ದರಿಂದ ಸುಮಾರು ಎರಡು ವಾರದ ಬಳಿಕ ಮತ್ತೆ ತೆಗೆಯುತ್ತಾರೆ. ಒಂದೇ ಮಗುವಿನಲ್ಲಿ ಹಳೆಯ, ಹೊಸ ಮುರಿತಗಳು ಜತೆಗಿದ್ದರೆ ಪೆಟ್ಟು ಒಂದೇ ಬಾರಿ ಬಿದ್ದದ್ದಲ್ಲ.

ಹಾಗೆಂದು ಕೂಡಲೇ ತಪ್ಪು ಹೊರಿಸುವಂತಿಲ್ಲ. ರಿಕೆಟ್ಸ್ ಇದ್ದರೆ, ಹುಟ್ಟಿನಿಂದಲೇ ಮೂಳೆ ಪೆಡಸಾಗಿದ್ದರೆ ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಅದಕ್ಕೇ ಕ್ಯಾಲ್ಸಿಯಂ, ಫಾಸ್ಫೇಟ್, ವಿಟಮಿನ್ ಡಿ ಪರೀಕ್ಷೆ. ಕಣ್ಣಿನ ಬಿಳಿಭಾಗದ ನೀಲಿಛಾಯೆ, ಮನೆತನದ ಮುರಿತಗಳ ವಿಚಾರಣೆ.

ಬರವಣಿಗೆಯೂ ಚಿಕಿತ್ಸೆಯ ಭಾಗವೇ. ಯಾರು, ಯಾವಾಗ, ಏನು ಹೇಳಿದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆಯಬೇಕು. ಹೇಳಿಕೆ ಬದಲಾದರೆ ಎರಡನ್ನೂ ಉಳಿಸಬೇಕು. ಮೈಮೇಲಿನ ಗುರುತುಗಳಿಗೆ ಅಳತೆ, ಚಿತ್ರ, ಫೋಟೋ. ಎಕ್ಸ್‌ರೇಗೆ ಹೆಸರು, ದಿನಾಂಕ, ಎಡ-ಬಲ. ‘ಮನೆಯವರೇ ಹೊಡೆದಿದ್ದಾರೆ’ ಎಂದಲ್ಲ, ‘ಹೇಳಿದ ಘಟನೆಯಿಂದ ಈ ಗಾಯ ಆಗುವುದು ಅಸಂಭವ’ ಎಂದು ಬರೆಯುವುದು ವೈದ್ಯರ ಮಿತಿ. ಪ್ರಕರಣವನ್ನು ಎಂಎಲ್‌ಸಿ ರಿಜಿಸ್ಟರಿನಲ್ಲಿ ನಮೂದಿಸಿ ಪೊಲೀಸರಿಗೆ ತಿಳಿಸಬೇಕು. ರಕ್ಷಣೆಯ ಪ್ರಶ್ನೆ ಇದ್ದರೆ 1098 ಸಹಾಯವಾಣಿ ಮತ್ತು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ. ಮನೆ ಸುರಕ್ಷಿತವೆಂದು ಖಚಿತವಾಗುವವರೆಗೆ ಕೂಸನ್ನು ವಾರ್ಡಿನಲ್ಲೇ ಇರಿಸಿಕೊಳ್ಳುವುದು ಒಳ್ಳೆಯದು, ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು.