SK ಯಾವ ದೇಶದ್ದು?

ಟಿಕೆಟ್ ಮೇಲೆ AI ಎಂದಿದ್ದರೆ ಭಾರತದ್ದು, BA ಎಂದಿದ್ದರೆ ಬ್ರಿಟನ್ನಿನದು ಎಂದು ಓದುವ ರೂಢಿ ಇದೆ. ಈ ಓದು ಎಷ್ಟು ದುರ್ಬಲ ಎಂಬುದು SK ಹತ್ತಿರ ಬಂದಾಗ ಗೊತ್ತಾಗುತ್ತದೆ. ದೇಶಗಳ ಸಂಕೇತಪಟ್ಟಿಯಲ್ಲಿ SK ಎಂದರೆ ಸ್ಲೊವಾಕಿಯಾ. ವಿಮಾನದ ಟಿಕೆಟ್‌ನಲ್ಲಿ ಅದು ಎಸ್‌ಎಎಸ್, ಅಂದರೆ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್. (ದೇಶಗಳ ಪಟ್ಟಿಯಲ್ಲಿ AI ಕೂಡ ನಮ್ಮದಲ್ಲ, ಕೆರಿಬಿಯನ್ ಸಮುದ್ರದ ಅಂಗ್ವಿಲಾ ದ್ವೀಪದ್ದು!)

1946ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ನಿನ ವಿಮಾನ ಕಂಪನಿಗಳು ಸೇರಿ ಎಸ್‌ಎಎಸ್ ಹುಟ್ಟಿತು. ದೇಶ ಮೂರು, ಕಂಪನಿ ಒಂದೇ. ಇದಕ್ಕೆ ದೇಶದ ಹೆಸರಿನಲ್ಲಿ ಸಂಕೇತ ಕೊಡುವುದಾದರೆ ಯಾವ ದೇಶದ್ದನ್ನು ಕೊಡಬೇಕಿತ್ತು? ಆ ಪ್ರಶ್ನೆಯೇ ಏಳಲಿಲ್ಲ. ಏಕೆಂದರೆ ಇಂಥ ಸಂಕೇತಗಳನ್ನು ಹಂಚುವ ಐಯಾಟಾ ಸರ್ಕಾರಗಳ ಕೂಟವಲ್ಲ. ಅದು 1945ರಲ್ಲಿ ಹವಾನಾದಲ್ಲಿ ಕಟ್ಟಿದ ವಿಮಾನ ಕಂಪನಿಗಳ ಸಂಘ. ಒಂದು ಕಂಪನಿ ಮಾರಿದ ಟಿಕೆಟ್ಟಿನಲ್ಲಿ ಪ್ರಯಾಣಿಕ ಅರ್ಧ ದಾರಿ ಇನ್ನೊಂದು ಕಂಪನಿಯ ವಿಮಾನದಲ್ಲಿ ಹೋದರೆ, ಎರಡನೆಯವರಿಗೆ ಹಣ ಸೇರಬೇಕಲ್ಲ? ಆ ಬಾಕಿಗಳನ್ನು ಚುಕ್ತಾ ಮಾಡಲು 1947ರಲ್ಲಿ ಐಯಾಟಾ ಒಂದು ಲೆಕ್ಕದ ಮನೆಯನ್ನೇ ತೆರೆಯಿತು. ಅಲ್ಲಿ ಬೇಕಾದದ್ದು ದುಡ್ಡು ಯಾರು ಯಾರಿಗೆ ಕೊಡಬೇಕು ಎಂಬ ಮಾಹಿತಿ. ಸಾಲಗಾರ ಕಂಪನಿ, ದೇಶವಲ್ಲ.

ಟಿಕೆಟ್ ಸಂಖ್ಯೆಯ 13 ಅಂಕಿಗಳಲ್ಲಿ ಮೊದಲ ಮೂರನ್ನು ನೋಡಿ. 117 ಇದ್ದರೆ ಎಸ್‌ಎಎಸ್, 098 ಇದ್ದರೆ ಏರ್ ಇಂಡಿಯಾ. ಅದು ಟಿಕೆಟ್ ಯಾರ ಹೆಸರಿನಲ್ಲಿ ಹೊರಟಿತು ಎಂಬುದನ್ನು ಹೇಳುತ್ತದೆ. ನೀವು ಹತ್ತುವ ವಿಮಾನ ಬೇರೆ ಕಂಪನಿಯದಾಗಿರಬಹುದು. 098ರ ಟಿಕೆಟ್ಟಿನಲ್ಲಿ LH ಎಂಬ ಲುಫ್ತಾನ್ಸಾ ವಿಮಾನ ಹತ್ತುವುದು ಸಾಧ್ಯ. ಹಣ ವಾಪಸು ಕೇಳುವಾಗ ಈ ಮೂರು ಅಂಕಿ ಉಪಯೋಗಕ್ಕೆ ಬರುತ್ತವೆ.

ಹಾಗಾದರೆ ದೇಶ ಎಲ್ಲಿ ಕಾಣುತ್ತದೆ? ವಿಮಾನದ ಮೈಮೇಲೆ. 1944ರ ಶಿಕಾಗೊ ಒಪ್ಪಂದದ ಪ್ರಕಾರ ವಿಮಾನ ಎಲ್ಲಿ ನೋಂದಣಿಯಾಗಿದೆಯೋ ಆ ದೇಶದ್ದು, ಗಡಿ ದಾಟುವಾಗ ಅದರ ಗುರುತು ಮೈಮೇಲಿರಬೇಕು. ಭಾರತದ್ದು VT. ಎಸ್‌ಎಎಸ್ ವಿಮಾನಗಳಲ್ಲಿ ಒಂದರ ಮೇಲೆ OY (ಡೆನ್ಮಾರ್ಕ್), ಇನ್ನೊಂದರ ಮೇಲೆ LN (ನಾರ್ವೆ), ಮತ್ತೊಂದರ ಮೇಲೆ SE (ಸ್ವೀಡನ್) ಇರುತ್ತಿತ್ತು. ಹಾರುವುದು ಮಾತ್ರ ಎಲ್ಲವೂ SK ಎಂದೇ.

ಸುದ್ದಿ ಬರೆಯುವ ನಮ್ಮಂಥವರು ಈ ಎರಡನ್ನೂ ಬೇರೆ ಇಡಲೇಬೇಕು. 1999ರ ಡಿಸೆಂಬರಿನಲ್ಲಿ ಅಪಹರಣವಾದದ್ದು IC 814. ಅದು ಇಂಡಿಯನ್ ಏರ್‌ಲೈನ್ಸ್‌ನ ಆ ದಿನದ ಪ್ರಯಾಣದ ಹೆಸರು. ಕಂದಹಾರದ ನೆಲದಲ್ಲಿ ನಿಂತ ಆ ಏರ್‌ಬಸ್ಸಿನ ಹೆಸರು VT-EDW. ಏರ್ ಇಂಡಿಯಾ ಜೊತೆಗಿನ ವಿಲೀನದಿಂದಾಗಿ 2011ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನ IC ಬಳಕೆ ನಿಂತಿತು. ಈಗ ಅದೇ IC, 2024ರಲ್ಲಿ ಹಾರಾಟ ಶುರುಮಾಡಿದ ಗೋವಾದ ಫ್ಲೈ91 ಎಂಬ ಪುಟ್ಟ ಕಂಪನಿಯ ಹೆಸರಿನಲ್ಲಿದೆ.