ಜಡತ್ವ

‘ಯಾಕೋ ಮೈ ಜಡವಾಗಿದೆ’ ಎನ್ನುತ್ತೇವೆ. ಸಂಸ್ಕೃತದ ಈ ‘ಜಡ’ಕ್ಕೆ ಚಲನೆಯಿಲ್ಲದ್ದು, ಮಂದವಾದದ್ದು ಎಂಬ ಅರ್ಥಗಳಿವೆ. ಇಂಗ್ಲಿಷಿನ ‘ಇನರ್ಷಿಯಾ’ ಲ್ಯಾಟಿನ್ನಿನಲ್ಲಿ ಸೋಮಾರಿತನವೇ. ಹಾಗಾಗಿ ‘ಜಡತ್ವ’ ಬಹಳ ಒಪ್ಪುವ ಅನುವಾದ. ತಿರುಗುವ ವಸ್ತುವಿನ ಜಡತ್ವಕ್ಕೆ ಆಯ್ಲರ್ 1765ರ ತನ್ನ ಗ್ರಂಥದಲ್ಲಿ ಬೇರೆಯೇ ಹೆಸರು ಕೊಟ್ಟ. ನಮ್ಮ ತರಗತಿಗಳ ‘ಮೊಮೆಂಟ್ ಆಫ್ ಇನರ್ಷಿಯಾ’ ಅದೇ. ಇಲ್ಲಿ ತೂಕವಷ್ಟೇ ಸಾಲದು, ಅದು ಅಚ್ಚಿನಿಂದ ಎಷ್ಟು ದೂರವಿದೆ ಎಂಬುದೂ ಬೇಕು, ಅದೂ ವರ್ಗವಾಗಿ.

ದೇವರಾಯನದುರ್ಗದ ಜಾತ್ರೆಯಲ್ಲಿ ಒಂದು ತಿರುಗುವ ಹಲಗೆ ಇದೆಯೆಂದುಕೊಳ್ಳಿ. ಹಲಗೆಯ ಜಡತ್ವ 200 kg m². ಅಂಚಿನಲ್ಲಿ, ಅಚ್ಚಿನಿಂದ 2 ಮೀಟರ್ ದೂರದಲ್ಲಿ, 25 ಕಿಲೋ ತೂಗುವ ಹುಡುಗಿ ನಿಂತಿದ್ದಾಳೆ. ಅವಳ ಪಾಲು 25 × 2² = 100, ಒಟ್ಟು 300. ನಿಮಿಷಕ್ಕೆ 15 ಸುತ್ತು. ಅವಳು ಒಳಕ್ಕೆ ನಡೆದು 1 ಮೀಟರಿಗೆ ಬಂದರೆ ಅವಳ ಪಾಲು 25ಕ್ಕೆ ಇಳಿಯುತ್ತದೆ, ಒಟ್ಟು 225. ಕೋನೀಯ ಸಂವೇಗ ಬದಲಾಗದು. ಆದ್ದರಿಂದ 15 × 300 ÷ 225, ಅಂದರೆ 20 ಸುತ್ತು. ಕೈ ಮಡಚಿಕೊಂಡ ಸ್ಕೇಟರ್ ರಭಸವಾಗಿ ಸುತ್ತುವುದೂ ಹೀಗೆಯೇ.

ಇಲ್ಲಿ ಚಲನಶಕ್ತಿಯೂ ಹಾಗೇ ಉಳಿಯುತ್ತದೆಂದು ಹಿಡಿದರೆ ಉತ್ತರ ತಪ್ಪುತ್ತದೆ. ಅದು ಮೂರನೇ ಒಂದು ಪಾಲು ಹೆಚ್ಚುತ್ತದೆ. ಹೊರಕ್ಕೆ ಎಳೆದಂತಾಗುವ ಹಲಗೆಯ ಮೇಲೆ ಒಳಕ್ಕೆ ನಡೆಯಲು ಹುಡುಗಿಯ ಕಾಲು ಮಾಡಿದ ಕೆಲಸ ಅದು.

ಅವಳು ಅಂಚಿನಿಂದ ಸುಮ್ಮನೆ ಜಾರಿ ಬಿದ್ದರೆ? ಒಟ್ಟು ಜಡತ್ವ ಇಳಿಯಿತಲ್ಲ, ವೇಗ ಏರಬೇಕು ಎನಿಸುತ್ತದೆ. ಏರುವುದಿಲ್ಲ. ತನ್ನ ಪಾಲಿನ ಸಂವೇಗವನ್ನು ಅವಳು ಜೊತೆಗೇ ಒಯ್ಯುತ್ತಾಳೆ. ಹಲಗೆ 15 ಸುತ್ತಿನಲ್ಲೇ ತಿರುಗುತ್ತಿರುತ್ತದೆ.