ಗುರುಗಳಿಗೆ ಬರೆದ ಬಿನ್ನಹವನ್ನು ಇಂಗ್ಲಿಷಿಗೆ ತರುವಾಗ

ತುಮಕೂರು ಜಿಲ್ಲೆಯ ಕೆರೆ ಶಾಸನಗಳ ಮೇಲೆ ಎಂ.ಎ. ಪ್ರಬಂಧ ಬರೆದ ವಿದ್ಯಾರ್ಥಿನಿಯೊಬ್ಬಳು, ದಕ್ಷಿಣ ಭಾರತದ ಇತಿಹಾಸದಲ್ಲಿ ಕೆಲಸ ಮಾಡುವ ಬ್ರಿಟನ್ನಿನ ಪ್ರಾಧ್ಯಾಪಕಿಗೆ ಪಿಎಚ್‌.ಡಿ. ಮಾರ್ಗದರ್ಶನ ಕೋರಿ ಬರೆಯುತ್ತಾಳೆ ಎಂದುಕೊಳ್ಳೋಣ. ಕನ್ನಡದ ಕರಡು ಹೀಗಿದೆ: “ಪೂಜ್ಯ ಗುರುಗಳಾದ ತಮಗೆ ಸಾದರ ಪ್ರಣಾಮಗಳು. ತಮ್ಮ ಪುಸ್ತಕ ಓದಿ ಧನ್ಯಳಾದೆ. ನನ್ನ ಅಲ್ಪಮತಿಗೆ ತಿಳಿದಂತೆ ಕೆರೆ ಶಾಸನಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ದೇನೆ. ದಯಮಾಡಿ ನನ್ನನ್ನು ಶಿಷ್ಯೆಯಾಗಿ ಸ್ವೀಕರಿಸಿ ಮಾರ್ಗದರ್ಶನ ನೀಡಬೇಕಾಗಿ ವಿನಂತಿ.” ಕನ್ನಡದಲ್ಲಿ ಈ ಪತ್ರಕ್ಕೆ ಏನೂ ಕುಂದಿಲ್ಲ.

ಮರ್ಯಾದೆ ಇರುವ ಜಾಗ

ಕನ್ನಡದಲ್ಲಿ ಗೌರವ ಸರ್ವನಾಮದಲ್ಲೂ ಕ್ರಿಯಾಪದದ ಕೊನೆಯಲ್ಲೂ ಇರುತ್ತದೆ. ‘ತಾವು’ ಎಂದೊಡನೆ ಅರ್ಧ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಎಲ್ಲರಿಗೂ ‘ಯು’ ಒಂದೇ. ಹಾಗಾಗಿ ‘ತಾವು’ ಹೊತ್ತಿದ್ದ ಭಾರವನ್ನು ವಾಕ್ಯದ ಬೇರೆ ಕಡೆಗೆ ದಾಟಿಸಬೇಕು. ಸಂಬೋಧನೆಯಲ್ಲಿ ‘ಡಿಯರ್ ಪ್ರೊಫೆಸರ್’ ಎಂದು ಬರೆದು ಮುಂದೆ ಅವರ ಕುಲನಾಮ ಸೇರಿಸಿದರೆ ಪೂಜ್ಯಭಾವ ಪೂರ್ತಿ ಬಂದಂತೆ. ‘ರೆಸ್ಪೆಕ್ಟೆಡ್ ಮೇಡಂ’ ನಮ್ಮಲ್ಲಿ ಸಹಜ, ಅಲ್ಲಿ ಅಪರಿಚಿತ. ಹೆಸರು ಹಿಡಿದು ಸಂಬೋಧಿಸಿದ ಪತ್ರವನ್ನು ಬ್ರಿಟಿಷ್ ರೂಢಿಯಂತೆ ‘ಯುವರ್ಸ್ ಸಿನ್ಸಿಯರ್ಲಿ’ ಎಂದು ಮುಗಿಸುತ್ತಾರೆ. ‘ಯುವರ್ಸ್ ಒಬೀಡಿಯೆಂಟ್ಲಿ’ ಹಳೆಯ ಕಚೇರಿ ಅರ್ಜಿಗಳ ಮಾತು.

‘ಬೇಕಾಗಿ ವಿನಂತಿ’

ಹೆಚ್ಚು ಅನುವಾದಗಳು ಕೆಡುವುದು ಇಲ್ಲಿ. ‘ನೀಡಬೇಕಾಗಿ ವಿನಂತಿ’ಯ ‘ಬೇಕು’ ಕನ್ನಡದ ಕಿವಿಗೆ ಕೋರಿಕೆಯಾಗಿ ಕೇಳುತ್ತದೆ. ಅದನ್ನೇ ‘ಐ ರಿಕ್ವೆಸ್ಟ್ ಯು ಟು ಕೈಂಡ್ಲಿ ಗೈಡ್ ಮಿ’ ಎಂದರೆ, ‘ರಿಕ್ವೆಸ್ಟ್’ ‘ಕೈಂಡ್ಲಿ’ ಎರಡೂ ಇದ್ದರೂ ಒಪ್ಪಿಗೆ ಆಗಲೇ ಸಿಕ್ಕಿದಂಥ ಧಾಟಿ ಬರುತ್ತದೆ. ಇಲ್ಲವೆನ್ನಲು ಅವರಿಗೆ ದಾರಿ ಬಿಡುವುದೇ ಇಂಗ್ಲಿಷಿನ ವಿನಯ: ‘ಐ ಆಮ್ ರೈಟಿಂಗ್ ಟು ಆಸ್ಕ್ ವೆದರ್ ಯು ವುಡ್ ಕನ್ಸಿಡರ್ ಸೂಪರ್‌ವೈಸಿಂಗ್ ಮೈ ಡಾಕ್ಟೋರಲ್ ರಿಸರ್ಚ್.’ ಇಲ್ಲಿನ ‘ವೆದರ್’ ಮತ್ತು ‘ವುಡ್’ ಸೇರಿ ನಮ್ಮ ‘ತಾವು’ ಮಾಡುವ ಕೆಲಸವನ್ನು ಮಾಡುತ್ತವೆ. ಇಂಥ ಮೆದುಮಾತು ಒಂದು ವಾಕ್ಯಕ್ಕೆ ಒಂದು ಸಾಕು. ‘ವಂಡರಿಂಗ್’, ‘ಮೈಟ್’, ‘ಪಾಸಿಬ್ಲಿ’ ಎಲ್ಲವನ್ನೂ ಒಟ್ಟಿಗೆ ಪೇರಿಸಿದರೆ ಕೇಳಿದ್ದೇನೆಂಬುದೇ ಮಸುಕಾಗುತ್ತದೆ. ಇನ್ನು ನಮ್ಮ ‘ಗೈಡ್’ ಬ್ರಿಟನ್ನಿನಲ್ಲಿ ‘ಸೂಪರ್‌ವೈಸರ್’, ಅಮೆರಿಕದಲ್ಲಿ ‘ಅಡ್ವೈಸರ್’.

ಕೋರಿಕೆಯ ಸ್ಥಾನವೂ ಬದಲಾಗಬೇಕು. ಕನ್ನಡ ಪತ್ರ ನಮಸ್ಕಾರ, ಪೀಠಿಕೆ ಎಲ್ಲ ಮುಗಿಸಿ ಕೊನೆಗೆ ಬಾಯಿಬಿಡುತ್ತದೆ. ಇಂಗ್ಲಿಷ್ ಪತ್ರದಲ್ಲಿ ಕೋರಿಕೆಯೇ ಮೊದಲ ಅಥವಾ ಎರಡನೆಯ ವಾಕ್ಯವಾದರೆ ಓದುವವರ ಸಮಯಕ್ಕೆ ಬೆಲೆ ಕೊಟ್ಟಂತೆ.

ಧನ್ಯಳಾದೆ, ಅಲ್ಪಮತಿ

‘ಅಲ್ಪಮತಿ’ಯನ್ನು ಯಥಾವತ್ತಾಗಿ ಅನುವಾದಿಸಿದರೆ ವಿದ್ಯಾರ್ಥಿನಿ ತನ್ನ ಅಸಾಮರ್ಥ್ಯವನ್ನು ತಾನೇ ಒಪ್ಪಿಕೊಂಡಂತಾಗುತ್ತದೆ. ಕನ್ನಡದಲ್ಲಿ ಅದು ಶಿಷ್ಟಾಚಾರ, ಯಾರೂ ಅಕ್ಷರಶಃ ನಂಬುವುದಿಲ್ಲ. ಆದ್ದರಿಂದ ಆ ಮಾತನ್ನು ಬಿಟ್ಟು, ಮಾಡಿದ ಕೆಲಸವನ್ನು ನೇರವಾಗಿ ಹೇಳುವುದೇ ಸರಿ: ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ತುಮಕೂರು ಸಂಪುಟದಲ್ಲಿನ ಕೆರೆ ದಾನಗಳನ್ನು ಓದಿ, ಬಿತ್ತುವಟ್ಟ ಯಾರ ಕೈಯಲ್ಲಿತ್ತು ಎಂದು ಪರಿಶೀಲಿಸಿದ್ದೇನೆ ಎಂದು. ಬಿತ್ತುವಟ್ಟ ಪದವನ್ನು ಹಾಗೆಯೇ ಉಳಿಸಿ, ಕೆರೆಯ ನಿರ್ವಹಣೆಗೆ ಬಿಟ್ಟ ದತ್ತಿ ಎಂದು ಅರ್ಧ ಸಾಲಿನ ವಿವರಣೆ ಸೇರಿಸಬೇಕು.

‘ಧನ್ಯಳಾದೆ’ ಎಂಬಲ್ಲಿ ಅನುವಾದಕನ ಕೈ ಕಟ್ಟಿಹೋಗುತ್ತದೆ. ಬರಿಯ ಹೊಗಳಿಕೆ ಇಂಗ್ಲಿಷಿನಲ್ಲಿ ಎಲ್ಲ ಪ್ರಾಧ್ಯಾಪಕರಿಗೂ ಕಳಿಸಿದ ಒಂದೇ ಪತ್ರದಂತೆ ಕಾಣುತ್ತದೆ. ಪುಸ್ತಕದ ಯಾವ ಅಧ್ಯಾಯ, ಅದರಿಂದ ಯಾವ ಪ್ರಶ್ನೆ ಹುಟ್ಟಿತು ಎಂಬುದನ್ನು ವಿದ್ಯಾರ್ಥಿನಿಯನ್ನೇ ಕೇಳಿ ತಿಳಿಯಬೇಕು. ಅವಳ ಪರವಾಗಿ ಒಂದು ಅಧ್ಯಾಯವನ್ನು ಊಹಿಸಿ ಬರೆಯುವುದು ನನ್ನ ಮಟ್ಟಿಗೆ ಅನುವಾದದ ಅಪ್ರಾಮಾಣಿಕತೆ. ಪ್ರವೇಶ ಸಂದರ್ಶನದಲ್ಲಿ ಮೊದಲು ಬೀಳುವ ಪ್ರಶ್ನೆಯೂ ಆ ಅಧ್ಯಾಯದ ಮೇಲೆಯೇ ಇರಬಹುದು.

ತಿದ್ದಿದ ಪತ್ರ

ಹೀಗೆ ತಿದ್ದಿದ ಇಂಗ್ಲಿಷ್ ಪತ್ರದಲ್ಲಿ ಮೊದಲು ಕೋರಿಕೆ, ಆಮೇಲೆ ಪ್ರಬಂಧದ ಬಗ್ಗೆ ಎರಡು ಮೂರು ವಾಕ್ಯ, ನಂತರ ಅವರ ಪುಸ್ತಕದಿಂದ ಹುಟ್ಟಿದ ಪ್ರಶ್ನೆ ಬರುತ್ತದೆ. ಕೊನೆಯಲ್ಲಿ: ‘ಐ ವುಡ್ ಬಿ ಗ್ರೇಟ್‌ಫುಲ್ ಟು ನೋ ವೆದರ್ ಯು ಆರ್ ಟೇಕಿಂಗ್ ನ್ಯೂ ಸ್ಟೂಡೆಂಟ್ಸ್.’ ಸಂಶೋಧನಾ ಪ್ರಸ್ತಾವ ಲಗತ್ತಿನಲ್ಲಿರುತ್ತದೆ. ಪತ್ರ ಹದಕ್ಕೆ ಬಂದಿದೆಯೇ ಎಂದು ನೋಡಲು, ‘ಯು’ ಕರ್ತೃವಾಗಿರುವ ವಾಕ್ಯಗಳನ್ನಷ್ಟೇ ಆರಿಸಿ ಗಟ್ಟಿಯಾಗಿ ಓದಿ. ಅವರು ಏನಾದರೂ ಮಾಡಲೇಬೇಕು ಎಂಬ ಧ್ವನಿ ಎಲ್ಲಾದರೂ ಕೇಳಿದರೆ ಅಲ್ಲಿ ಕನ್ನಡದ ‘ಬೇಕು’ ನುಸುಳಿದೆ.

ನಮ್ಮ ವಿಶ್ವವಿದ್ಯಾಲಯಕ್ಕೆ ಬರೆಯುವಾಗ

ಭಾರತದ ಪ್ರಾಧ್ಯಾಪಕರಿಗೆ ಇಂಗ್ಲಿಷಿನಲ್ಲಿ ಬರೆದರೆ ‘ರೆಸ್ಪೆಕ್ಟೆಡ್ ಸರ್’ ಇರಲಿ, ಅದು ಇಲ್ಲಿನ ಇಂಗ್ಲಿಷಿನ ಸಹಜ ರೂಢಿ. ಆದರೆ ಕೊನೆಯ ಪ್ರಶ್ನೆಯನ್ನು ಇಲ್ಲಿ ಇನ್ನೂ ಖಚಿತವಾಗಿ ಕೇಳಬಹುದು. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಗಳ ಪ್ರಕಾರ ಒಮ್ಮೆಗೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ಮಾಡುವಂತಿಲ್ಲ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ‘ತಮ್ಮ ಬಳಿ ಈ ವರ್ಷ ಸ್ಥಾನ ಖಾಲಿ ಇದೆಯೇ’ ಎಂದು ವಿಚಾರಿಸುವುದು ಅವಿನಯವಲ್ಲ. ಜಾಗವಿಲ್ಲದಿದ್ದರೆ ಅವರಿಗೂ ಮುಜುಗರವಿಲ್ಲದೆ ಹಾಗೆಂದು ಒಂದು ಸಾಲಿನಲ್ಲಿ ತಿಳಿಸಲು ಅನುಕೂಲವಾಗುತ್ತದೆ.